ಪ್ರಜ್ಞಾ ಎರಡು ಸಲ ಮುಚ್ಚಿದ ಟಿಕೆಟ್‌ಗಳು

ಪ್ರಜ್ಞಾ ಹುಟ್ಟಿ ಬೆಳೆದದ್ದು ಸುರೇಬಾನದಲ್ಲಿ. ಅಪ್ಪ ಗಂಗಪ್ಪ ರಾಮದುರ್ಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಅವ್ವ ಶೆಟ್ಟೆವ್ವ ಅಂಗನವಾಡಿಯ ಸಹಾಯಕಿ. ಮನೆಯ ನಡುಗೋಡೆಯಲ್ಲಿ ಬುದ್ಧನ ಫೋಟೊ, ಅದರ ಪಕ್ಕ ಬಾಬಾಸಾಹೇಬರ ಫೋಟೊ, ಅವುಗಳ ಕೆಳಗೆ ಮಗಳ ಡಿಪ್ಲೊಮಾ ಸರ್ಟಿಫಿಕೇಟು. ಇಪ್ಪತ್ತೊಂದನೇ ವಯಸ್ಸಿಗೆ ಬೈಲಹೊಂಗಲಕ್ಕೆ ಬಂದು ಸುಭಾಸ ಎಂಬವರ ಕಂಪನಿಗೆ ಸೇರಿದಳು. ಬಜಾರದ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಸಣ್ಣ ಆಸ್ಪತ್ರೆಗಳಿಗೆ, ಲ್ಯಾಬುಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿದ್ದರು. ಪೇಶಂಟಿನ ಹೆಸರು ಬರೆದುಕೊಳ್ಳುವುದು, ರಕ್ತದ ರಿಪೋರ್ಟು ಛಾಪಿಸುವುದು, ಔಷಧ ಚೀಟಿ ಕೊಡುವುದು, ಇಂಥವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿ ಎಂಬತ್ತಕ್ಕೂ ಮಿಕ್ಕಿ ಆಸ್ಪತ್ರೆಗಳು ಅದನ್ನು ಬಳಸುತ್ತಿದ್ದವು.

ಆಗ ಫೋನು ಎತ್ತುವ ಹುಡುಗಿಯಾಗಿ ಸೇರಿದವಳು ಈಗ ಮೂವತ್ತೈದರ ಹೆಂಗಸು. ಗ್ರಾಹಕರು ಏನು ಕೇಳಿದರು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದೆಲ್ಲ ಅವಳದೇ ಜವಾಬ್ದಾರಿ. ಯಾರಾದರೂ ಫೋನು ಮಾಡಿ ‘ಇದು ಕೆಟ್ಟೈತ್ರಿ’ ಎಂದರೆ, ‘ಹಿಂಗೊಂದು ಸೌಲತ್ತು ಬೇಕಾಗಿತ್ರಿ’ ಎಂದರೆ, ಕಂಪ್ಯೂಟರಿನಲ್ಲಿ ಅದಕ್ಕೊಂದು ನಂಬರು ಬೀಳುತ್ತಿತ್ತು. ಅದಕ್ಕೆ ಟಿಕೆಟ್ ಅನ್ನುತ್ತಿದ್ದರು. ಕೆಲಸ ಆದರೆ ಟಿಕೆಟ್ ಮುಚ್ಚುವುದು, ಆಗುವ ತನಕ ತೆರೆದೇ ಇಡುವುದು. ಮುಚ್ಚಿದೊಡನೆ ಕೇಳಿದವರಿಗೆ ಕಂಪ್ಯೂಟರೇ ಒಂದು ಮೇಲ್ ಕಳಿಸುತ್ತಿತ್ತು. ಕೇಳುವವರು ಎಂಬತ್ತು ಆಸ್ಪತ್ರೆಯವರು, ಮಾಡುವವರು ನಾಲ್ಕೇ ಜನ. ಹೀಗಾಗಿ ಪೆಂಡಿಂಗ್ ಪಟ್ಟಿ ಬೆಳೆಯುತ್ತ ಹೋಗಿ ಸಾವಿರದ ನೂರಾ ನಲವತ್ತಕ್ಕೆ ಬಂದು ನಿಂತಿತ್ತು.

ಮೊದಮೊದಲು ಪ್ರಜ್ಞಾಳಿಗೆ ಪ್ರತಿ ಟಿಕೆಟ್ಟಿನ ಹಿಂದೊಂದು ಮುಖ ಕಾಣುತ್ತಿತ್ತು. ಕಿತ್ತೂರಿನವರು ಸಿಟ್ಟಿಗೆದ್ದು ಬೈದರೆ ಊಟ ಸೇರುತ್ತಿರಲಿಲ್ಲ. ಆಮೇಲೆ ಕೊರೊನಾ ಬಂತು. ಆ ಎರಡು ವರ್ಷ ಲ್ಯಾಬುಗಳ ಫೋನು ಬೆಳಗಿನಿಂದ ಸಂಜೆಯ ತನಕ ಬಡಿದುಕೊಳ್ಳುತ್ತಲೇ ಇತ್ತು. ಅದೇ ವೇಳೆಯಲ್ಲಿ ಶೆಟ್ಟೆವ್ವ ರಾಮದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾಲ್ಕು ದಿನ ಊರಲ್ಲಿದ್ದು ಐದನೇ ದಿನ ಪ್ರಜ್ಞಾ ಕುರ್ಚಿಗೆ ಬಂದು ಕೂತು ಫೋನು ಎತ್ತಿದಳು. ಅಳು ಬರಲಿಲ್ಲ. ಬರುತ್ತದೆ ಎಂದು ಕೆಲವು ದಿನ ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು. ಅವತ್ತಿನಿಂದ ಅವಳೊಳಗೆ ಯಾವುದೋ ಒಂದು ಜೋಮು ಹಿಡಿದು ಕೂತಿತು. ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಕೆಲಸದಲ್ಲಿ ಒಂದು ತಪ್ಪು ಇರುತ್ತಿರಲಿಲ್ಲ. ಯಾರು ಏನು ಕೇಳಿದರೂ ಟಿಕೆಟ್ಟಿನ ಕೆಳಗೆ ‘ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ’ ಎಂದು ಬರೆಯುತ್ತಿದ್ದಳು. ಬರೆದದ್ದನ್ನು ಮತ್ತೆ ಓದುತ್ತಿರಲಿಲ್ಲ.

ಫೆಬ್ರುವರಿಯ ಒಂದು ಶುಕ್ರವಾರ ಸುಭಾಸ ಬೆಳಗಾವಿಯಿಂದ ಬಂದವರೇ ಅವಳ ಮೇಜಿನ ಹತ್ತಿರ ನಿಂತರು. ಅಲ್ಲೊಂದು ದೊಡ್ಡ ಆಸ್ಪತ್ರೆಯವರು ಇವರ ಸಾಫ್ಟ್‌ವೇರ್ ಕೊಳ್ಳುವ ಮಾತಾಡಿದ್ದರು. ಪೆಂಡಿಂಗ್ ಎಷ್ಟಿವೆ ನೋಡೋಣ ಎಂದು ಕೇಳಿದ್ದರಂತೆ.

“ಪ್ರಜ್ಞಾ, ಸಾವಿರಕ್ಕ ಮಿಕ್ಕಿ ಪೆಂಡಿಂಗ್ ತೋರಿಸಿದ್ರ ಅವರು ಓಡಿಹೋಗತಾರ. ವರ್ಷದ ಮ್ಯಾಲೆ ಯಾರೂ ಮುಟ್ಟದೇ ಇದ್ದಾವು ಅದಾವಲ್ಲ, ಅವನ್ನೆಲ್ಲ ಮುಚ್ಚಿಬಿಡ್ರಿ. ಹೆಂಗೂ ಮಾಡಾಂಗಿಲ್ಲ ನಾವು.”

ಮಾತು ಸುಳ್ಳಲ್ಲ. ಪ್ರಜ್ಞಾಳಿಗೂ ಅದು ಗೊತ್ತಿತ್ತು. ವರ್ಷಗಟ್ಟಲೆ ಮಾಡದ್ದನ್ನು ಮುಂದೆ ಮಾಡುತ್ತೇವೆಂದು ತೆರೆದಿಡುವುದೂ ಒಂದು ಬಗೆಯ ಸುಳ್ಳೇ. ಆ ರಾಶಿಯಲ್ಲಿ ನಿಜವಾಗಿ ಜರೂರು ಇರುವ ಟಿಕೆಟ್‌ಗಳೂ ಮುಳುಗಿಹೋಗುತ್ತಿದ್ದವು.

“ಅವರಿಗೆ ಹೇಳಬೇಕಲ್ರಿ ಸರ್?” ಎಂದಳು.

“ಹೇಳಿದ್ರ ಎಲ್ಲಾರೂ ಜಗಳಕ್ಕ ಬರತಾರ. ಮೇಲ್ ಹೋಗೂದನ್ನ ಬಂದ್ ಮಾಡಿ ಮುಚ್ಚಿಬಿಡ್ರಿ, ಯಾರಿಗೂ ನೆನಪೂ ಇರೂದಿಲ್ಲ.”

ಪ್ರಜ್ಞಾ ವಾದ ಮಾಡಲಿಲ್ಲ. ಒಂದು ವರ್ಷದಿಂದ ಯಾರೂ ಏನೂ ಬರೆಯದ ಟಿಕೆಟ್‌ಗಳನ್ನು ಹುಡುಕಿದಳು. ಆರುನೂರಾ ಹನ್ನೊಂದು ಬಂದವು. ಎಲ್ಲವನ್ನೂ ಒಟ್ಟಿಗೆ ಆರಿಸಿದಳು. ಹೇಳದೆ ಮುಚ್ಚುವುದು ಸರಿಯಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಅನ್ನಿಸಿತು. ಅದಕ್ಕೇ ಮೇಲ್ ಹೋಗುವುದನ್ನು ನಿಲ್ಲಿಸಲಿಲ್ಲ. ಅಷ್ಟು ಮಾಡಿದರೆ ಹೇಳಿದ ಹಾಗಾಯಿತು ಎಂದುಕೊಂಡಳು. ಮುಚ್ಚುವ ಮುನ್ನ ಕಂಪ್ಯೂಟರು ಕಾರಣ ಕೇಳಿತು. ಆ ಚೌಕದಲ್ಲಿ ‘ಪರಿಹರಿಸಲಾಗಿದೆ’ ಎಂದು ಮೊದಲೇ ಇತ್ತು. ಅದರ ಕೆಳಗೆ ‘ಮಾಡುವುದಿಲ್ಲ’, ‘ಎರಡನೇ ಸಲ ಬಂದದ್ದು’ ಎಂಬ ಕಾರಣಗಳೂ ಇದ್ದವು. ಅವಳು ನೋಡಿದಳು. ನೋಡಲಿಲ್ಲ ಅಂತ ಆಮೇಲೆ ಯಾವತ್ತೂ ಅವಳು ಹೇಳಲಿಲ್ಲ. ನೋಡಿ, ಹಾಗೇ ಬಿಟ್ಟು, ಒತ್ತಿದಳು.

ಆರುನೂರಾ ಹನ್ನೊಂದು ಮೇಲ್‌ಗಳು ಹೋದವು. ಪ್ರತಿಯೊಂದರಲ್ಲೂ ಟಿಕೆಟ್ಟಿನ ನಂಬರು, ಅದರ ಹೆಸರು, ಕೆಳಗೆ ಒಂದೇ ಸಾಲು: ನಿಮ್ಮ ಕೋರಿಕೆಯನ್ನು ಪರಿಹರಿಸಲಾಗಿದೆ, ಧನ್ಯವಾದಗಳು. ಪ್ರಜ್ಞಾ ನೀರು ಕುಡಿದು ಮುಂದಿನ ಫೋನು ಎತ್ತಿದಳು.

ಸೋಮವಾರ ಕಿತ್ತೂರಿನ ಒಂದು ದವಾಖಾನೆಯ ಔಷಧ ಅಂಗಡಿ ನೋಡಿಕೊಳ್ಳುವ ಮಡಿವಾಳೆಪ್ಪ ಫೋನು ಮಾಡಿದ.

“ಅಕ್ಕಾರ, ಅಂತೂ ಮಾಡಿದ್ರಿ ನೋಡ್ರಿ! ಮುದತ್ತು ಮುಗಿಯೋ ಔಷಧ ಮ್ಯಾಲ ಬರಬೇಕು ಅಂತ ಎರಡು ವರ್ಷದಿಂದ ಬಡಕೊಂಡಿದ್ದೆ. ಎಲ್ಲೈತ್ರಿ ಅದು? ನನಗ ಕಾಣವಲ್ದು.”

“ನೋಡಿ ಹೇಳತೇನ್ರಿ,” ಎಂದಳು ಪ್ರಜ್ಞಾ.

ಅಂಥವು ಏಳೆಂಟು ಫೋನು ಬಂದವು. ಎಲ್ಲರಿಗೂ ನೋಡಿ ಹೇಳುತ್ತೇನೆ ಎಂದಳು. ಒಬ್ಬರಿಗೂ ಹೇಳಲಿಲ್ಲ. ವಾರದಲ್ಲಿ ಫೋನು ತಾನಾಗಿ ತಣ್ಣಗಾಯಿತು. ಪೆಂಡಿಂಗ್ ಐನೂರಾ ಚಿಲ್ಲರೆ ಎಂದು ಸುಭಾಸ ಬೆಳಗಾವಿಗೆ ಬರೆದರು.

ಮೂರನೇ ವಾರ ಸವದತ್ತಿಯಿಂದ ಗಂಗಾ ಫೋನು ಮಾಡಿದಳು. ಅಲ್ಲಿನ ಒಂದು ಹೆರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹತ್ತು ವರ್ಷದ ಫೋನಿನ ಪರಿಚಯ, ಮುಖ ನೋಡಿರಲಿಲ್ಲ. ಯಾವಾಗಲೂ ನಗುನಗುತ್ತ ಮಾತಾಡುತ್ತಿದ್ದವಳ ದನಿ ಅವತ್ತು ಒಣಗಿತ್ತು.

“ಪ್ರಜ್ಞಾ ಅಕ್ಕಾರ, ಒಂದು ಮಾತು ಕೇಳತೇನಿ, ಖರೇ ಹೇಳ್ರಿ. ಒಂದೇ ಹೆಸರಿನವರು ಇಬ್ಬರು ಒಂದೇ ದಿನ ಬಂದ್ರ ಕಂಪ್ಯೂಟರು ಎಚ್ಚರಿಕಿ ಕೊಡಬೇಕು ಅಂತ ನಾ ಹೇಳಿದ್ದೆ. ಅದು ಆಗೇತಿ ಅಂತ ಮೇಲ್ ಬಂತು. ಖರೇನ ಆಗೇತೇನ್ರಿ?”

ಪ್ರಜ್ಞಾ ಆ ಟಿಕೆಟ್ ತೆಗೆದಳು. ಗಂಗಾ ಬರೆಸಿದ್ದು ಎರಡೂವರೆ ವರ್ಷದ ಹಿಂದೆ. ಕೊನೆಯ ಸಾಲು ಹದಿನಾಲ್ಕು ತಿಂಗಳ ಹಿಂದಿನದು, ತನ್ನದೇ ಕೈಯದು: ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ.

“ಇಲ್ರಿ, ಆಗಿಲ್ಲ.”

ಆಮೇಲೆ ಗಂಗಾ ನಡೆದದ್ದನ್ನು ಹೇಳಿದಳು.

ಟಿಕೆಟ್ ಬರೆಸಿದ ದಿನದಿಂದಲೂ ಆಕೆ ಮುಂಜಾನೆ ರಜಿಸ್ಟರ್ ತೆರೆದು ಒಂದೇ ಹೆಸರಿನವರನ್ನು ಹುಡುಕಿ, ಕೆಂಪು ಪೆನ್ನಿನಲ್ಲಿ ಬೇರೆ ಚೀಟಿಗೆ ಬರೆದುಕೊಳ್ಳುತ್ತಿದ್ದಳು. ಮೇಲ್ ಬಂದ ಮೇಲೆ ಅದನ್ನು ಬಿಟ್ಟಳು. ಎಚ್ಚರಿಕೆ ಬರಲಿಲ್ಲ ಎಂದರೆ ಒಂದೇ ಹೆಸರಿನವರು ಇಲ್ಲ ಎಂದೇ ತಿಳಿದಳು. ಹೋದ ಮಂಗಳವಾರ ಶೀತಲ ಪಾಟೀಲ ಎಂಬ ಇಬ್ಬರು ಬಸುರಿಯರು ಬಂದಿದ್ದರು, ಇಬ್ಬರಿಗೂ ಇಪ್ಪತ್ನಾಲ್ಕು ವರ್ಷ. ಒಬ್ಬಳು ಮುನವಳ್ಳಿಯವಳು, ಇನ್ನೊಬ್ಬಳು ಸವದತ್ತಿಯವಳೇ. ಅಂದು ಲ್ಯಾಬಿನ ಮುಂದೆ ಅರವತ್ತು ಜನ. ಫಲಿತಾಂಶ ತುಂಬುವಾಗ ಪಟ್ಟಿಯಲ್ಲಿ ಮೊದಲು ಕಂಡ ಶೀತಲಳನ್ನು ಒತ್ತಿದಳು. ಮುನವಳ್ಳಿಯವಳ ರಕ್ತದ ಹಿಮೋಗ್ಲೋಬಿನ್ ಆರು ಪಾಯಿಂಟ್ ಎರಡಕ್ಕೆ ಇಳಿದಿತ್ತು. ಆ ಅಂಕಿ ಸವದತ್ತಿಯವಳ ರಿಪೋರ್ಟಿಗೆ ಹೋಯಿತು, ಸವದತ್ತಿಯವಳದು ಇವಳದಕ್ಕೆ ಬಂತು. ಸವದತ್ತಿಯವಳನ್ನು ರಕ್ತ ಏರಿಸಬೇಕೆಂದು ದಾಖಲು ಮಾಡಿಕೊಂಡರು. ಮುನವಳ್ಳಿಯವಳನ್ನು ಎಲ್ಲ ಸರಿ ಇದೆಯೆಂದು ಗುಳಿಗೆ ಕೊಟ್ಟು ಮನೆಗೆ ಕಳಿಸಿದರು.

“ರಕ್ತ ತರಸೂಕಿಂತ ಮೊದಲ ಹೊಸಾ ಸ್ಯಾಂಪಲ್ ತಗದು ನೋಡಿದೆ. ಹನ್ನೊಂದೂವರಿ ಬಂತು. ಅವಾಗ ಗೊತ್ತಾತ್ರಿ. ಮುನವಳ್ಳಿ ಹುಡುಗಿ ಗಂಡನ ಫೋನು ಬಂದ್ ಆಗಿತ್ತು. ಮರುದಿನ ಮಧ್ಯಾಹ್ನ ಸಿಕ್ಕಳು. ಅಷ್ಟರಾಗ ಬಚ್ಚಲದಾಗ ತಲಿ ತಿರುಗಿ ಬಿದ್ದಿದ್ಲು. ಧಾರವಾಡಕ್ಕ ಒಯ್ದು ರಕ್ತ ಕೊಟ್ಟಾರ. ಈಗ ತಾಯಿ ಕೂಸು ಇಬ್ಬರೂ ಆರಾಮ ಅದಾರ. ನನ್ನ ಲ್ಯಾಬಿನಿಂದ ತಗದು ಹೆಸರು ಹಚ್ಚೋ ಕೌಂಟರಿಗೆ ಕುಂದರಿಸ್ಯಾರ. ಬರವಣಿಗ್ಯಾಗ ವಿವರಣಿ ಕೊಡಬೇಕಂತ. ನಾ ಏನಂತ ಬರೀಲ್ರಿ? ಆಗೇತಿ ಅಂತ ನೀವು ಬರದಿದ್ರಿ.”

ಪ್ರಜ್ಞಾ ಫೋನು ಇಟ್ಟಳು. ಬೇರೆ ಯಾರಿಗೋ ಆದದ್ದನ್ನು ಪೇಪರಿನಲ್ಲಿ ಓದಿದ ಹಾಗಿತ್ತು. ಅದೇ ಅವಳಿಗೆ ಹೆದರಿಕೆ ತಂದಿತು. ಅಷ್ಟಾದರೂ ತಂದಿತಲ್ಲ ಎಂದು ಆಮೇಲೆ ಒಮ್ಮೆ ಅಂದುಕೊಂಡಳು.

ಅಲ್ಲಿಂದೆದ್ದು ಸುಭಾಸರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಗಂಗಾಳ ಆಸ್ಪತ್ರೆಗೆ ಕಂಪನಿಯ ಕಾಗದದ ಮೇಲೆ ಪತ್ರ ಕೊಡಬೇಕು ಎಂದಳು.

“ತಪ್ಪು ನಮ್ಮದು ಅಂತ ಬರದುಕೊಟ್ರ ನಾಳೆ ನಮ್ಮ ಮ್ಯಾಲೇ ಬರತೈತಿ,” ಎಂದರು ಸುಭಾಸ.

“ಬರಬೇಕಲ್ರಿ ಸರ್. ಒತ್ತಿದಾಕಿ ನಾನು.”

“ಆಕಿನೂ ಪೇಶಂಟಿನ ನಂಬರ್ ನೋಡಿ ತುಂಬಬೇಕಾಗಿತ್ತಲ್ಲ?”

“ನೋಡಬೇಕಾಗಿತ್ರಿ. ಅದನ್ನ ಆಕಿ ಬರಕೊಳ್ಳಲಿ. ನಮ್ಮದನ್ನ ನಾವು ಬರಿಯೂಣು.” ಪ್ರಜ್ಞಾ ದನಿ ಏರಿಸಲಿಲ್ಲ, ಅವಳಿಗೆ ಏರಿಸುವುದಕ್ಕೂ ಬರುತ್ತಿರಲಿಲ್ಲ. “ಇನ್ನೂ ಆರುನೂರಾ ಹತ್ತು ಮೇಲ್ ಹೊರಗ ಅದಾವ್ರಿ. ಅವುಗಳೊಳಗ ಯಾವುದನ್ನ ಯಾರು ನಂಬಿ ಕುಂತಾರ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಸುಭಾಸ ಕೆಟ್ಟ ಮನುಷ್ಯನಲ್ಲ. ಆ ಕೊನೆಯ ಮಾತು ಅವರ ತಲೆಯೊಳಗೆ ಇಳಿಯಲು ಒಂದು ನಿಮಿಷ ಹಿಡಿಯಿತು. ಇಳಿದ ಮೇಲೆ ಮುಖದ ಬಣ್ಣ ಕೆಟ್ಟಿತು. “ಮೊದಲ ಅವಕ್ಕೊಂದು ದಾರಿ ಮಾಡ್ರಿ,” ಎಂದರು. ಪತ್ರಕ್ಕೂ ಹೂಂ ಅಂದರು.

ಅಂದೇ ಮಧ್ಯಾಹ್ನ ಎಲ್ಲ ಆಸ್ಪತ್ರೆಗಳಿಗೂ ಇನ್ನೊಂದು ಮೇಲ್ ಹೋಯಿತು. ಪ್ರಜ್ಞಾ ಅದನ್ನು ನಾಲ್ಕು ಸಲ ಬರೆದು ಅಳಿಸಿ, ಐದನೇ ಸಲಕ್ಕೆ ಇಷ್ಟು ಉಳಿಸಿಕೊಂಡಳು: “ಮೂರು ವಾರದ ಹಿಂದೆ ‘ಪರಿಹರಿಸಲಾಗಿದೆ’ ಎಂದು ನಮ್ಮಿಂದ ಬಂದ ಮೇಲ್ ತಪ್ಪು. ಆ ಮೇಲ್‌ಗಳಲ್ಲಿ ಹೇಳಿದ ಯಾವ ಕೆಲಸವನ್ನೂ ನಾವು ಆಗ ಮಾಡಿಲ್ಲ. ಬಹಳ ದಿನದಿಂದ ಬಾಕಿ ಇದ್ದುದಕ್ಕೆ ಒಟ್ಟಾಗಿ ಮುಚ್ಚಿದ್ದೆವು. ದಯಮಾಡಿ ಆ ಮೇಲ್ ನಂಬಿ ನಿಮ್ಮ ಹಳೆಯ ಕ್ರಮವನ್ನು ಬಿಡಬೇಡಿ. ಬಿಟ್ಟಿದ್ದರೆ ಇವತ್ತೇ ಮತ್ತೆ ಶುರುಮಾಡಿ. ಎಲ್ಲ ಟಿಕೆಟ್‌ಗಳನ್ನೂ ಮತ್ತೆ ತೆರೆದಿದ್ದೇವೆ.” ಕೆಳಗೆ ತನ್ನ ಹೆಸರು, ತನ್ನ ಫೋನ್ ನಂಬರು. ಮೇಲ್ ನೋಡದವರು ಬಹಳ ಜನ ಎಂದು ಗೊತ್ತಿದ್ದುದರಿಂದ ಅಂದೂ ಮರುದಿನವೂ ಆಫೀಸಿನವರು ಕೂತು ಒಂದೊಂದೇ ಆಸ್ಪತ್ರೆಗೆ ಫೋನು ಮಾಡಿದರು.

ಮರುದಿನ ಮುಂಜಾನೆಯೇ ಪ್ರಜ್ಞಾ ಫೋನಿನ ಕೆಲಸವನ್ನು ಉಳಿದವರಿಗೆ ಬಿಟ್ಟು ಸವದತ್ತಿ ಬಸ್ಸು ಹತ್ತಿದಳು. ಕಂಡಕ್ಟರು ಆಧಾರ್ ನೋಡಿ ಶೂನ್ಯದ ಟಿಕೆಟ್ ಹರಿದುಕೊಟ್ಟ. ಹೊರಗೆ ಗೋಧಿ ಕಟಾವು ನಡೆದಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು, ನೋಡುತ್ತಿರಲಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಗಂಗಾ ಕೂತಿದ್ದಳು. ದನಿಯಿಂದ ಪ್ರಜ್ಞಾ ಕಲ್ಪಿಸಿಕೊಂಡಿದ್ದಕ್ಕಿಂತ ವಯಸ್ಸಾದವಳು, ಹಣೆಯ ಕೂದಲು ನೆರೆತಿತ್ತು.

“ನಾ ಪ್ರಜ್ಞಾ ರಿ. ಬೈಲಹೊಂಗಲದಿಂದ.”

ಗಂಗಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಬರ್ರಿ, ಕೂಡ್ರಿ,” ಎಂದಳು. ನಗಲಿಲ್ಲ.

ಆಸ್ಪತ್ರೆ ನಡೆಸುವ ಡಾಕ್ಟರಬಾಯಿ ಪ್ರಜ್ಞಾ ತಂದ ಪತ್ರ ಓದಿದರು. ಹೆಚ್ಚೇನೂ ಇರಲಿಲ್ಲ ಅದರಲ್ಲಿ. ಗಂಗಾ ಎರಡೂವರೆ ವರ್ಷದ ಹಿಂದೆಯೇ ಈ ಅಪಾಯವನ್ನು ಗುರುತಿಸಿ ಹೇಳಿದ್ದಳು, ಕಂಪನಿ ಮಾಡಲಿಲ್ಲ, ಮಾಡದೆಯೇ ಮಾಡಿದ್ದೇವೆಂದು ತಿಳಿಸಿತು, ಆಕೆ ಅದನ್ನು ನಂಬಿದಳು. ತಪ್ಪು ಮೇಲ್ ಕಳಿಸಿದವಳು ನಾನು. ಅಷ್ಟೇ.

“ನೀವು ಇದನ್ನ ಬರದುಕೊಡತೀರಿ ಅಂತ ನಾ ತಿಳಿದಿರಲಿಲ್ಲ,” ಎಂದರು ಡಾಕ್ಟರಬಾಯಿ. “ಆದ್ರೂ ಗಂಗಾ ನಂಬರ್ ನೋಡದ ತುಂಬಿದ್ದು ತಪ್ಪ.”

“ತಪ್ಪರಿ,” ಎಂದಳು ಬಾಗಿಲಲ್ಲಿ ನಿಂತಿದ್ದ ಗಂಗಾ. “ನಾ ಹಂಗ ಬರದೇನಿ.”

ಸೋಮವಾರದಿಂದ ಲ್ಯಾಬಿಗೆ ಬರಬೇಕೆಂದು ಅವಳಿಗೆ ಹೇಳಿದರು. ಹೊರಗೆ ಬಂದ ಮೇಲೆ ಗಂಗಾ ಚಹಾ ತರಿಸಿದಳು. ಇಬ್ಬರೂ ಬೆಂಚಿನ ಮೇಲೆ ಕೂತರು.

“ನೀವು ಮುಚ್ಚಿದ್ದಕ್ಕ ನನಗ ಸಿಟ್ಟಿಲ್ರಿ,” ಎಂದಳು ಗಂಗಾ. “ನಮ್ಮಿಂದ ಇದು ಆಗೂದಿಲ್ಲ ಅಂತ ಹೇಳಿದ್ರ ನಾ ಚೀಟಿ ಬರಕೊಂತ ಇರತಿದ್ದೆ. ಅದೇನು ದೊಡ್ಡ ಕೆಲಸ ಅಲ್ಲ, ಹತ್ತು ನಿಮಿಷದ್ದು. ಆಗೂದಿಲ್ಲ ಅನ್ನಾಕ ನಿಮಗೇನು ಬ್ಯಾನಿ ಇತ್ತ್ರಿ?”

ಪ್ರಜ್ಞಾ ಚಹಾದ ಕಪ್ಪು ಕೈಗೆ ತೆಗೆದುಕೊಂಡಳು. ಬ್ಯಾನಿ, ನೋವು ಏನೂ ಇರಲಿಲ್ಲ, ಅದೇ ತೊಡಕು ಎಂದು ಹೇಳಬೇಕೆನಿಸಿತು. ಹೇಳಿದರೆ ಗಂಗಾಳಿಗೆ ಏನು ತಿಳಿದೀತು? ಚಹಾ ಕುಡಿದಳು. ಬಿಸಿ ಇತ್ತು, ನಾಲಿಗೆ ಸುಟ್ಟಿತು.

ಆಮೇಲಿನ ಹತ್ತು ದಿನ ಪ್ರಜ್ಞಾ ಮತ್ತು ನಿಂಗರಾಜ ಆರುನೂರಾ ಹನ್ನೊಂದು ಟಿಕೆಟ್‌ಗಳನ್ನು ಒಂದೊಂದಾಗಿ ಓದಿದರು. ನಿಂಗರಾಜ ಪ್ರೋಗ್ರಾಂ ಬರೆಯುವವರಲ್ಲಿ ಹಿರಿಯ, ಕಡಿಮೆ ಮಾತಿನವನು. ಮೊದಲ ದಿನವೇ ಅವನೊಂದು ಮಾತು ಹೇಳಿದ.

“ಮುಟ್ಟಿಲ್ಲ ಅನ್ನೂದನ್ನ ತಾರೀಖು ನೋಡಿ ನಂಬಬ್ಯಾಡ್ರಿ. ಹೋದ ಏಪ್ರಿಲ್‌ನಾಗ ಒಂದಷ್ಟು ಟಿಕೆಟ್ಟಿಗೆ ಕಂಪ್ಯೂಟರ್ ತಾನ ಹೊಸಾ ಹಣಕಾಸು ವರ್ಷದ ಗುರುತು ಹಚ್ಚೇತಿ. ಅವು ಮುಟ್ಟಿದಂಗ ಕಾಣತಾವ, ಖರೇ ಅಂದ್ರ ಯಾರೂ ಮುಟ್ಟಿಲ್ಲ.”

ಮನುಷ್ಯರು ಕೊನೆಗೆ ಬರೆದ ಸಾಲಿನಿಂದ ಲೆಕ್ಕ ಹಿಡಿದರೆ ಇನ್ನೂ ಎಂಬತ್ತೆಂಟು ಸಿಕ್ಕವು. ಜನಕ್ಕೆ ಒಮ್ಮೆ ಗೊಂದಲ ಮಾಡಿದ್ದು ಸಾಕು, ಅವನ್ನು ಮುಂದಿನ ಸರತಿಗೆ ನೋಡೋಣ ಎಂದು ಪ್ರಜ್ಞಾ ಬದಿಗಿಟ್ಟಳು.

ಮೊದಲು ಅವರು ಹುಡುಕಿದ್ದು ಜೀವಕ್ಕೆ ಸಂಬಂಧಿಸಿದವನ್ನು: ಹೆಸರು ಅದಲುಬದಲಾಗುವುದು, ಔಷಧದ ಪ್ರಮಾಣ ಮತ್ತು ಮುದತ್ತು, ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಕಾಣುವುದು. ಇಪ್ಪತ್ಮೂರು ಸಿಕ್ಕವು. ಎಷ್ಟು ಹಳೆಯದಾದರೂ ಅವನ್ನು ಮುಚ್ಚುವ ಹಾಗಿಲ್ಲ ಎಂದು ಬರೆದಿಟ್ಟರು. ಗಂಗಾ ಕೇಳಿದ್ದು ಮೊದಲನೆಯದು. ನಿಂಗರಾಜ ಅದನ್ನು ಎರಡು ದಿನದಲ್ಲಿ ಮಾಡಿ ಮುಗಿಸಿದ. ಎರಡೂವರೆ ವರ್ಷ ಕಾದದ್ದು ಎರಡು ದಿನದ ಕೆಲಸ.

ನಲವತ್ನಾಲ್ಕು ಟಿಕೆಟ್‌ಗಳ ಕೆಲಸ ಬೇರೆ ಯಾವುದೋ ಸುಧಾರಣೆಯ ಜೊತೆ ಎಂದೋ ಆಗಿಹೋಗಿತ್ತು, ಕೇಳಿದವರಿಗೆ ಯಾರೂ ಹೇಳಿರಲಿಲ್ಲ. ಒಂದೊಂದನ್ನೂ ಮಾಡಿ ನೋಡಿ, ಯಾವಾಗ ಆಯಿತು, ಎಲ್ಲಿ ಕಾಣುತ್ತದೆ ಎಂದು ಬರೆದು, ಇವುಗಳನ್ನು ಮಾತ್ರ ‘ಪರಿಹರಿಸಲಾಗಿದೆ’ ಎಂದು ಮುಚ್ಚಿದರು. ಎಪ್ಪತ್ತೊಂದು ಒಂದೇ ಮಾತನ್ನು ಬೇರೆ ಬೇರೆಯವರು ಕೇಳಿದ್ದು. ಅವನ್ನು ತೆರೆದಿರುವ ಮೂಲ ಟಿಕೆಟ್ಟಿಗೆ ಜೋಡಿಸಿದರು. ಉಳಿದವು ನಾನೂರಾ ಎಪ್ಪತ್ಮೂರು. ಅವು ಮಾಡಲಾಗದವು, ಮಾಡುವುದಿಲ್ಲ ಎಂದು ಹೇಳಬೇಕಾದವು.

ಈ ಸಲ ಪ್ರಜ್ಞಾ ಪ್ರತಿ ಆಸ್ಪತ್ರೆಗೆ ಅವರವರದೇ ಪಟ್ಟಿ ಮಾಡಿದಳು. ಮೇಲೆ ಬರೆದಳು: “ಇವು ನೀವು ಕೇಳಿದ, ನಾವು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಟ್ಟದ ಕೋರಿಕೆಗಳು. ತಡ ನಿಮ್ಮದಲ್ಲ, ನಮ್ಮದು. ನಮ್ಮ ಕೈಲಿರುವ ಜನರಲ್ಲಿ ಇವನ್ನು ಮಾಡಲು ಆಗುವುದಿಲ್ಲ, ಆದ್ದರಿಂದ ಮೂರು ವಾರದ ನಂತರ ‘ಮಾಡುವುದಿಲ್ಲ’ ಎಂಬ ಕಾರಣ ಕೊಟ್ಟು ಮುಚ್ಚುತ್ತೇವೆ. ಯಾವುದಾದರೂ ಇನ್ನೂ ಬೇಕಿದ್ದರೆ ಏಕೆ ಬೇಕೆಂದು ಒಂದು ಸಾಲು ಬರೆಯಿರಿ, ಅಥವಾ ಫೋನು ಮಾಡಿ. ಅದನ್ನು ತೆರೆದಿಟ್ಟು ಮತ್ತೆ ಯೋಚಿಸುತ್ತೇವೆ. ಮಾಡಿಯೇ ತೀರುತ್ತೇವೆಂದು ಮಾತು ಕೊಡಲಾರೆವು. ಮುಚ್ಚಿದ ಟಿಕೆಟ್ ಅಳಿಸಿಹೋಗುವುದಿಲ್ಲ, ಎಂದಾದರೂ ಮತ್ತೆ ತೆರೆಯಬಹುದು.”

ಸುಭಾಸ ಅದನ್ನು ಓದಿ ‘ತಡ ನಮ್ಮದು’ ಎಂಬಲ್ಲಿ ಬೆರಳಿಟ್ಟರು. “ಗ್ರಾಹಕರಿಂದ ಉತ್ತರ ಬರಲಿಲ್ಲ ಅಂತ ಬರದ್ರ?”

“ನಾವು ಅವರನ್ನ ಏನೂ ಕೇಳೇ ಇಲ್ಲಲ್ರಿ ಸರ್.”

ಅವರು ಬೆರಳು ತೆಗೆದರು. ಪೆಂಡಿಂಗ್ ಪಟ್ಟಿಯ ಸರಿಯಾದ ಅಂಕಿಯನ್ನು ಬೆಳಗಾವಿಯವರಿಗೂ ಅದೇ ವಾರ ಬರೆದು ತಿಳಿಸಿದರು. ಆ ಕಡೆಯಿಂದ ಮರುಮಾತು ಬರಲಿಲ್ಲ.

ಬೈಗುಳ ಬಂದವು. ಕಿತ್ತೂರಿನ ಮಡಿವಾಳೆಪ್ಪ ಅರ್ಧ ಗಂಟೆ ಬೈದ. ಮೊದಲು ಆಗಿದೆ ಎಂದಿರಿ, ಆಮೇಲೆ ಆಗಿಲ್ಲ ಎಂದಿರಿ, ಈಗ ಆಗುವುದೇ ಇಲ್ಲ ಅನ್ನುತ್ತೀರಿ, ನಾವೇನು ನಿಮ್ಮ ಕಣ್ಣಿಗೆ ಮನುಷ್ಯರ ಹಾಗೆ ಕಾಣುವುದಿಲ್ಲವೇ ಎಂದ. ಅವನ ಪಟ್ಟಿಯಲ್ಲಿ ಹದಿನೇಳಿದ್ದವು. ಪ್ರಜ್ಞಾ ಫೋನು ಇಡಲಿಲ್ಲ. ಒಂದೊಂದನ್ನೂ ಓದಿ ಹೇಳಿದಳು. ಮುದತ್ತು ಮುಗಿಯುವ ಔಷಧದ್ದು ಆ ಪಟ್ಟಿಯಲ್ಲಿಲ್ಲ, ಅದನ್ನು ಜೀವಕ್ಕೆ ಸಂಬಂಧಿಸಿದ ಇಪ್ಪತ್ಮೂರರಲ್ಲಿ ಸೇರಿಸಿದ್ದೇವೆ ಎಂದಾಗ ಅವನ ದನಿ ಇಳಿಯಿತು. ಉಳಿದ ಹದಿನೇಳರಲ್ಲಿ ಎರಡು ಬೇಕು ಎಂದ. ಹದಿನೈದು ಯಾಕೆ ಕೇಳಿದ್ದೆನೋ ತನಗೇ ನೆನಪಿಲ್ಲ ಎಂದ.

“ಮುಚ್ಚಿಬಿಡ್ರಿ ಅತ್ತ. ಇಷ್ಟು ದಿನಾ ಯಾಕ ಹೇಳಲಿಲ್ಲ? ನಾ ಬ್ಯಾರೆ ವ್ಯವಸ್ಥಾ ಮಾಡಕೊಳತಿದ್ದೆ.”

ಕೆಲವರು ಏನೂ ಬರೆಯಲಿಲ್ಲ. ಬರೆಯದವರಿಗೆ ಎರಡನೇ ವಾರ ಫೋನು ಹೋಯಿತು. ಕೇಳಿದವರು ಕೆಲಸ ಬಿಟ್ಟಿದ್ದ ಕಡೆ ಈಗಿರುವವರಿಗೆ ಓದಿ ಹೇಳಿದರು. ಬೈಲಹೊಂಗಲದ ಒಂದು ಆಸ್ಪತ್ರೆಯವರು ನಿಮ್ಮ ಸಾಫ್ಟ್‌ವೇರೇ ಬೇಡ ಎಂದು ಬಿಟ್ಟುಹೋದರು. ಪ್ರಜ್ಞಾ ಅದನ್ನೂ ಸುಭಾಸರಿಗೆ ಹೋಗಿ ಹೇಳಿದಳು. ಅವರು ಹೂಂ ಎಂದರು.

ದಿನಕ್ಕೆ ಇಪ್ಪತ್ತು ಮೂವತ್ತು ಫೋನು. ಪ್ರತಿ ಸಲವೂ ಅದೇ ಮಾತು: ಇದು ನಮ್ಮಿಂದ ಆಗೂದಿಲ್ಲರಿ. ಅವಳ ಜೋಮು ಇಳಿಯಿತು ಎಂದು ಹೇಳುವ ಹಾಗಿರಲಿಲ್ಲ. ಸಂಜೆ ಬಾಡಿಗೆ ಕೋಣೆಗೆ ಹೋಗಿ ಅನ್ನಕ್ಕಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದಳು. ಆದರೆ ಈಗ ಟಿಕೆಟ್ಟಿನಲ್ಲಿ ಏನು ಬರೆದರೂ ಒಮ್ಮೆ ಓದಿ ನೋಡಿ ಕಳಿಸುತ್ತಿದ್ದಳು.

ಮೂರನೇ ವಾರದ ಕೊನೆಗೆ ಉಳಿದದ್ದು ರಾಮದುರ್ಗದ ಒಂದು ಸಣ್ಣ ದವಾಖಾನೆ. ಅಲ್ಲಿನ ಕಂಪೌಂಡರ್ ಯಮನಪ್ಪ ಐದು ಟಿಕೆಟ್ ಬರೆಸಿದ್ದ. ಮೇಲ್‌ಗೆ ಉತ್ತರವಿಲ್ಲ. ಅವನ ಮೊಬೈಲು ಬಂದ್. ದವಾಖಾನೆಯ ನಂಬರಿಗೆ ಮಾಡಿದರೆ ಹೆಂಗಸೊಬ್ಬಳು ಎತ್ತಿದಳು.

“ಯಮನಪ್ಪಣ್ಣಾರು ಅದಾರೇನ್ರಿ?”

“ಅಂವ ತೀರಿಕೊಂಡು ಎಂಟು ತಿಂಗಳಾತ್ರಿ. ನಾ ಸಾವಿತ್ರೆವ್ವ, ನರ್ಸಮ್ಮ. ಯಾಕ್ರಿ?”

ಯಾರೂ ಇಲ್ಲ ಎಂದು ಬರೆದು ಮುಚ್ಚಬಹುದಾಗಿತ್ತು. ಪ್ರಜ್ಞಾ ಹಾಗೆ ಮಾಡಲಿಲ್ಲ.

“ಅವರು ಐದು ಕೆಲಸ ಕೇಳಿದ್ರು. ನಾವು ಮಾಡಲಿಲ್ರಿ. ಅದನ್ನ ಹೇಳಬೇಕಾಗಿತ್ತು, ಅವರಿಗೆ. ಈಗ ನಿಮಗ ಓದಿ ಹೇಳಲೇನ್ರಿ?”

“ಹೇಳ್ರಿ.”

ಓದಿದಳು. ಯಮನಪ್ಪನ ಮಾತುಗಳನ್ನು ಅವನು ಹೇಳಿದ ಹಾಗೇ ಆಗ ಬರೆದುಕೊಂಡಿದ್ದಳು. ‘ಚೀಟಿಯ ಅಕ್ಷರ ದೊಡ್ಡದು ಮಾಡಬೇಕು, ಮುದುಕರಿಗೆ ಕಾಣೂದಿಲ್ಲ, ನನಗ ಓದಿ ಹೇಳು ಅಂತಾರ.’ ಅದನ್ನು ಓದುತ್ತ ಅರ್ಧಕ್ಕೆ ನಿಲ್ಲಿಸಿದಳು. ಕೆಮ್ಮಿ ಮತ್ತೆ ಮೊದಲಿನಿಂದ ಓದಿದಳು. ಆ ಕಡೆ ಸಾವಿತ್ರೆವ್ವ ಸಣ್ಣಗೆ ನಕ್ಕಳು.

“ಹೌದ್ರಿ, ಹಂಗ ಅಂತಿದ್ದ ಅಂವ. ಈಗ ಆ ಮುದುಕರೆಲ್ಲ ನನ್ನ ಹಂತ್ಯಾಕ ಬರತಾರ. ಉಳಿದಾವು ನಾಕನ್ನ ಬಿಡ್ರಿ. ಇದೊಂದು ಮುಚ್ಚಬ್ಯಾಡ್ರಿ.”

“ಮಾಡೇ ಮಾಡತೇವಿ ಅಂತ ಹೇಳಾಕ ಬರೂದಿಲ್ರಿ. ತೆರದಿಡತೇನಿ. ಈ ತಿಂಗಳ ಕೊನೀಗೆ ಆಗತೈತೋ ಇಲ್ಲೋ ಅಂತ ನಾನ ಫೋನು ಮಾಡಿ ಹೇಳತೇನಿ.”

“ಆತ್ರಿ.”

ಐವತ್ತೆಂಟು ಟಿಕೆಟ್ ತೆರೆದು ಉಳಿದವು. ನಾನೂರಾ ಹದಿನೈದನ್ನು ಪ್ರಜ್ಞಾ ಮುಚ್ಚಿದಳು. ಕಾರಣದ ಚೌಕದಲ್ಲಿ ‘ಮಾಡುವುದಿಲ್ಲ’ ಇದೆಯೇ ಎಂದು ನಿಂಗರಾಜನನ್ನೂ ಕರೆದು ತೋರಿಸಿ, ಆಮೇಲೆ ಒತ್ತಿದಳು. ಯಮನಪ್ಪನ ಟಿಕೆಟ್ಟಿನಲ್ಲಿ ‘ಕೇಳಿದವರು’ ಎಂಬಲ್ಲಿ ಸಾವಿತ್ರೆವ್ವಳ ಹೆಸರು ಹಾಕಿದಳು, ಮುಂದಿನ ಮೇಲ್ ಆಕೆಗೆ ಹೋಗಲೆಂದು. ಅದರ ಕೆಳಗೆ ಒಂದು ಸಾಲು ಸೇರಿಸಿದಳು: ಮೊದಲು ಕೇಳಿದವರು ಯಮನಪ್ಪ, ಕಂಪೌಂಡರ್.